ಮಾರ್ಚ್ ತಿಂಗಳ ಹದಿನಾರೂವರೆ ಲಕ್ಷ: ನಿರ್ದೇಶಕರ ಸಂಬಳವೋ, ಡಿವಿಡೆಂಡೋ?

ಬೆಳಗಾವಿಯ ಉದ್ಯಮಬಾಗದಲ್ಲಿ ಸಿಎನ್‌ಸಿ ಯಂತ್ರಗಳ ಮೇಲೆ ಜಾಬ್‌ವರ್ಕ್ ಮಾಡುವ ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ ಎಂದಿಟ್ಟುಕೊಳ್ಳಿ. ಹದಿನಾಲ್ಕು ಮಂದಿ ಕೆಲಸಗಾರರು. ಷೇರು ಬಂಡವಾಳ 10 ಲಕ್ಷ ರೂಪಾಯಿ, ಅಂದರೆ 10 ರೂಪಾಯಿ ಮುಖಬೆಲೆಯ ಒಂದು ಲಕ್ಷ ಷೇರು. ಇದರಲ್ಲಿ 70 ಭಾಗ ಕಾರ್ಖಾನೆ ನಡೆಸುವ ತಮ್ಮನದು, 30 ಭಾಗ ಪುಣೆಯಲ್ಲಿ ನೌಕರಿಯಲ್ಲಿರುವ ಅಣ್ಣನದು. ಇಬ್ಬರೂ ನಿರ್ದೇಶಕರು. ಅಣ್ಣ ಆರಂಭದಲ್ಲಿ 3 ಲಕ್ಷ ಹಾಕಿದ್ದು ಬಿಟ್ಟರೆ ದಿನದ ಕೆಲಸದಲ್ಲಿಲ್ಲ, ಸಂಬಳವನ್ನೂ ಪಡೆದಿಲ್ಲ. ಬ್ಯಾಂಕಿನಲ್ಲಿ 35 ಲಕ್ಷದ ಸಾಲ ಇದೆ. ಹಿಂದಿನ ವರ್ಷಗಳ ಲಾಭ ಸೇರಿ 14 ಲಕ್ಷ ಕಂಪನಿಯಲ್ಲೇ ಉಳಿದಿದೆ. 2025-26ರಲ್ಲಿ ನಿರ್ದೇಶಕರ ಸಂಬಳ ಕಳೆಯುವ ಮೊದಲಿನ ಲಾಭ 30 ಲಕ್ಷ. ಅಂಕಿಗಳನ್ನು ದುಂಡಗೆ ಇಟ್ಟಿರುವುದು ಲೆಕ್ಕ ಕಣ್ಣಿಗೆ ಕಾಣಲೆಂದು. ಉಳಿದದ್ದೆಲ್ಲ ಇಂಥ ಕಂಪನಿಗಳಲ್ಲಿ ಪ್ರತಿ ಮಾರ್ಚ್‌ನಲ್ಲೂ ಕಾಣುವ ಚಿತ್ರವೇ.

ತಮ್ಮ ಏಪ್ರಿಲ್‌ನಿಂದ ಫೆಬ್ರವರಿವರೆಗೆ ತಿಂಗಳಿಗೆ ಸುಮಾರು ಒಂದೂವರೆ ಲಕ್ಷದಂತೆ 16.5 ಲಕ್ಷವನ್ನು ಕಂಪನಿ ಖಾತೆಯಿಂದ ತನ್ನ ಖಾತೆಗೆ ಹಾಕಿಕೊಂಡಿದ್ದಾನೆ. ಮನೆ ಕಂತು, ಮಕ್ಕಳ ಫೀಸು, ಮನೆ ಖರ್ಚು. ಲೆಕ್ಕ ಬರೆಯುವವರು ಅದನ್ನು ಟ್ಯಾಲಿಯಲ್ಲಿ 'ಡೈರೆಕ್ಟರ್ ಕರೆಂಟ್ ಅಕೌಂಟ್' ಎಂಬ ಲೆಡ್ಜರ್‌ಗೆ ಹಾಕುತ್ತಾ ಬಂದಿದ್ದಾರೆ. ಟಿಡಿಎಸ್ ಕಡಿದಿಲ್ಲ, ಬೋರ್ಡ್ ನಿರ್ಣಯವೂ ಇಲ್ಲ. ಮಾರ್ಚ್ ಮೊದಲ ವಾರ ಆಡಿಟರ್ ಕೇಳುತ್ತಾರೆ: ಇದು ಸಂಬಳವೋ, ಡಿವಿಡೆಂಡೋ, ಸಾಲವೋ?

ತಮ್ಮನ ಉತ್ತರ ಸಿದ್ಧವಾಗಿದೆ: "ಡಿವಿಡೆಂಡ್ ಅಂತ ತೋರಿಸ್ರಿ, ಟ್ಯಾಕ್ಸ್ ಕಡಿಮಿ ಬೀಳ್ತದ ಅಂತಾರ." ಈ ಪ್ರಕರಣದ ತಿರುಳೆಲ್ಲ ಇರುವುದು ಆ 'ಅಂತಾರ' ಎಂಬ ಮಾತಿನಲ್ಲಿ.

ಆ ನಂಬಿಕೆ ಎಲ್ಲಿಂದ ಬಂತು

2020ರ ಮಾರ್ಚ್ 31ರವರೆಗೆ ಡಿವಿಡೆಂಡ್ ಮೇಲಿನ ತೆರಿಗೆಯನ್ನು ಕಂಪನಿಯೇ ಕಟ್ಟುತ್ತಿತ್ತು. ಸರ್ಚಾರ್ಜ್, ಸೆಸ್ ಎಲ್ಲ ಸೇರಿ ಅದು ಶೇ 20.56ರಷ್ಟು ಬೀಳುತ್ತಿತ್ತು. ಷೇರುದಾರನ ಕೈಗೆ ಬಂದ ಡಿವಿಡೆಂಡ್‌ಗೆ ವರ್ಷಕ್ಕೆ 10 ಲಕ್ಷದವರೆಗೆ ಮತ್ತೆ ತೆರಿಗೆ ಇರಲಿಲ್ಲ. ಶೇ 30ರ ಸ್ಲ್ಯಾಬಿನಲ್ಲಿದ್ದವರಿಗೆ ಡಿವಿಡೆಂಡ್ ಹಗುರ ಅನ್ನಿಸುತ್ತಿದ್ದದ್ದು ಹೀಗೆ. 2020ರ ಏಪ್ರಿಲ್ 1ರಿಂದ ಆ ವ್ಯವಸ್ಥೆ ಹೋಯಿತು. ಈಗ ಡಿವಿಡೆಂಡ್ ಷೇರುದಾರನ ಆದಾಯಕ್ಕೆ ಸೇರಿ ಅವನ ಸ್ಲ್ಯಾಬಿನಂತೆಯೇ ತೆರಿಗೆಗೆ ಬೀಳುತ್ತದೆ.

ಎರಡನೆಯ ಮೂಲ ಬ್ರಿಟನ್. ಅಲ್ಲಿ ಸಣ್ಣ ಕಂಪನಿ ನಡೆಸುವ ನಮ್ಮವರು "ಸಂಬಳ ಚೂರು ತಗೋ, ಉಳಿದದ್ದು ಡಿವಿಡೆಂಡ್ ಮಾಡು" ಎನ್ನುವುದು ಅಲ್ಲಿಗೆ ಸರಿ. ಅಲ್ಲಿ ಸಂಬಳದ ಮೇಲೆ ಆದಾಯ ತೆರಿಗೆಯ ಜೊತೆಗೆ ನ್ಯಾಷನಲ್ ಇನ್ಶೂರೆನ್ಸ್ ಬೀಳುತ್ತದೆ. 2025ರ ಏಪ್ರಿಲ್‌ನಿಂದ ಮಾಲೀಕನ ಪಾಲೇ ವರ್ಷಕ್ಕೆ 5,000 ಪೌಂಡ್ ದಾಟಿದ ಸಂಬಳದ ಮೇಲೆ ಶೇ 15. ಡಿವಿಡೆಂಡ್ ಮೇಲೆ ಅದಿಲ್ಲ, ಡಿವಿಡೆಂಡ್‌ನ ತೆರಿಗೆ ದರಗಳೂ ಬೇರೆ. ನಮ್ಮಲ್ಲಿ ಸಂಬಳದ ಬೆನ್ನಿಗೆ ಅಂಥ ಭಾರವಿಲ್ಲ. ಇಪ್ಪತ್ತಕ್ಕಿಂತ ಕಡಿಮೆ ನೌಕರರಿರುವ ಈ ಕಂಪನಿಗೆ ಪಿಎಫ್ ಕೂಡ ಕಡ್ಡಾಯವಲ್ಲ. ಆದ್ದರಿಂದ ಅಲ್ಲಿನ ಸಲಹೆಯನ್ನು ಇಲ್ಲಿ ನೆಟ್ಟರೆ ಬೇರೆಯದೇ ಫಲ ಬರುತ್ತದೆ.

ನೂರು ರೂಪಾಯಿಯ ದಾರಿ

ದೊಡ್ಡ ಲೆಕ್ಕಕ್ಕೆ ಇಳಿಯುವ ಮೊದಲು ಕಂಪನಿ ಗಳಿಸಿದ ಒಂದು ನೂರು ರೂಪಾಯಿಯನ್ನು ಹಿಂಬಾಲಿಸೋಣ. ಈ ಕಂಪನಿ ಸೆಕ್ಷನ್ 115ಬಿಎಎ ಅಡಿ ಕಡಿಮೆ ದರವನ್ನು ಆಯ್ದುಕೊಂಡು 10-ಐಸಿ ನಮೂನೆಯನ್ನು ಹಿಂದೆಯೇ ಸಲ್ಲಿಸಿದೆ. ದರ ಶೇ 22, ಅದರ ಮೇಲೆ ಶೇ 10 ಸರ್ಚಾರ್ಜ್, ಶೇ 4 ಸೆಸ್. ಒಟ್ಟು ಶೇ 25.168. ಆಯ್ದುಕೊಳ್ಳದ ಸಣ್ಣ ಕಂಪನಿಗೆ, ಆದಾಯ ಒಂದು ಕೋಟಿ ಮೀರದಿದ್ದರೆ, ಶೇ 26 ಬೀಳುತ್ತದೆ. ನಮ್ಮ ಲೆಕ್ಕಕ್ಕೆ ಅದರಿಂದ ಹೆಚ್ಚು ವ್ಯತ್ಯಾಸವಾಗುವುದಿಲ್ಲ.

ಆ ನೂರು ರೂಪಾಯಿ ಸಂಬಳವಾಗಿ ಹೋದರೆ ಅದು ಕಂಪನಿಯ ಖರ್ಚು. ಕಂಪನಿ ಅದರ ಮೇಲೆ ತೆರಿಗೆ ಕಟ್ಟುವುದಿಲ್ಲ. ಪಡೆದವನು ಮೇಲಿನ ಸ್ಲ್ಯಾಬಿನಲ್ಲಿದ್ದರೂ ಹೆಚ್ಚೆಂದರೆ 31.20 ಹೋಗಿ 68.80 ಕೈಯಲ್ಲಿ ಉಳಿಯುತ್ತದೆ. ಡಿವಿಡೆಂಡ್ ಆದರೆ ಅದು ಖರ್ಚಲ್ಲ, ತೆರಿಗೆ ಕಟ್ಟಿದ ಮೇಲಿನ ಲಾಭದ ಹಂಚಿಕೆ. ಮೊದಲು 25.17 ಕಂಪನಿಯ ಬಾಗಿಲಲ್ಲೇ ಹೋಗುತ್ತದೆ. ಉಳಿದ 74.83ರ ಮೇಲೆ ಮೇಲಿನ ಸ್ಲ್ಯಾಬಿನವನಿಗೆ ಮತ್ತೆ 23.35. ಕೈಗೆ ಸಿಗುವುದು 51.48. ಬೇರೇನೂ ಆದಾಯವಿಲ್ಲದ, ತೆರಿಗೆಯೇ ಬೀಳದ ಷೇರುದಾರನಿಗೂ 74.83ಕ್ಕಿಂತ ಹೆಚ್ಚು ಮುಟ್ಟಲಾರದು. ಡಿವಿಡೆಂಡ್‌ನಲ್ಲಿ ನಾಲ್ಕನೇ ಒಂದು ಭಾಗ ಯಾರ ಕೈಗೂ ಬರುವ ಮೊದಲೇ ಕರಗಿರುತ್ತದೆ. ಸಂಬಳದ ಲೆಕ್ಕದಲ್ಲಿ ಈ ಮೆಟ್ಟಿಲೇ ಇಲ್ಲ.

ಮೂವತ್ತು ಲಕ್ಷವೂ ಒಂದೇ ದಾರಿಯಲ್ಲಿ ಹೋದರೆ

2025-26ರ ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆಯಿಲ್ಲ. ಅಲ್ಲಿಂದ ಪ್ರತಿ 4 ಲಕ್ಷಕ್ಕೆ ಶೇ 5, 10, 15, 20, 25 ಎಂದು ಏರುತ್ತಾ 24 ಲಕ್ಷ ದಾಟಿದ್ದಕ್ಕೆ ಶೇ 30. ಮೇಲೆ ಶೇ 4 ಸೆಸ್. ಸಂಬಳಕ್ಕೆ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ ಇದೆ. ಡಿವಿಡೆಂಡ್‌ಗೆ ಅದಿಲ್ಲ. ಷೇರು ಕೊಳ್ಳಲು ಮಾಡಿದ ಸಾಲದ ಬಡ್ಡಿಯನ್ನು ಡಿವಿಡೆಂಡ್‌ನ ಶೇ 20ರ ಮಿತಿಯಲ್ಲಿ ಕಳೆಯಬಹುದು, ಬೇರೆ ಯಾವ ಖರ್ಚನ್ನೂ ಅಲ್ಲ.

ಇಡೀ 30 ಲಕ್ಷವನ್ನು ತಮ್ಮ ಸಂಬಳವಾಗಿ ಪಡೆದರೆ ಕಂಪನಿಯಲ್ಲಿ ತೆರಿಗೆಗೆ ಬೀಳುವ ಲಾಭ ಸೊನ್ನೆ. ಅವನ ತೆರಿಗೆಯೋಗ್ಯ ಆದಾಯ 29.25 ಲಕ್ಷ, ತೆರಿಗೆ 4,75,800. ಸರ್ಕಾರಕ್ಕೆ ಹೋಗುವುದು ಅಷ್ಟೇ.

ಇಡೀ ಲಾಭವನ್ನು ಡಿವಿಡೆಂಡ್ ಮಾಡಿದರೆ ಕಂಪನಿ ಮೊದಲು 7,55,040 ಕಟ್ಟಬೇಕು. ಉಳಿದ 22,44,960ರಲ್ಲಿ ತಮ್ಮನಿಗೆ 15,71,472, ಅಣ್ಣನಿಗೆ 6,73,488. ಡಿವಿಡೆಂಡ್ ಷೇರಿನ ಮೇಲೆ ಬರುವಂಥದ್ದು. ದುಡಿದವನಿಗೆ ಹೆಚ್ಚು, ದುಡಿಯದವನಿಗೆ ಕಡಿಮೆ ಎನ್ನುವಂತಿಲ್ಲ. ತಮ್ಮನ ತೆರಿಗೆ 1,20,350. ಅಣ್ಣ ತನ್ನ ನೌಕರಿಯಿಂದಲೇ ಶೇ 30ರ ಸ್ಲ್ಯಾಬಿನಲ್ಲಿರುವವನು, ಅವನ ಪಾಲಿನ ತೆರಿಗೆ 2,10,128.

| | ಎಲ್ಲ ಸಂಬಳ | ಎಲ್ಲ ಡಿವಿಡೆಂಡ್ |
|---|---|---|
| ಕಂಪನಿ ತೆರಿಗೆ | 0 | 7,55,040 |
| ತಮ್ಮನ ತೆರಿಗೆ | 4,75,800 | 1,20,350 |
| ಅಣ್ಣನ ತೆರಿಗೆ | 0 | 2,10,128 |
| ಒಟ್ಟು ತೆರಿಗೆ | 4,75,800 | 10,85,518 |
| ತಮ್ಮನ ಕೈಗೆ | 25,24,200 | 14,51,122 |
| ಅಣ್ಣನ ಕೈಗೆ | 0 | 4,63,360 |

ತಮ್ಮನ ಸಾಲನ್ನು ಮಾತ್ರ ನೋಡಿದರೆ 4.76 ಲಕ್ಷದ ಬದಲು 1.20 ಲಕ್ಷ. 'ಟ್ಯಾಕ್ಸ್ ಕಡಿಮಿ' ಎಂಬ ಭ್ರಮೆ ಹುಟ್ಟುವುದು ಇಲ್ಲೇ. ತನ್ನ ಐಟಿ ರಿಟರ್ನ್ ಒಂದನ್ನೇ ನೋಡುವ ನಿರ್ದೇಶಕನಿಗೆ ಕಂಪನಿ ಕಟ್ಟಿದ ಏಳೂವರೆ ಲಕ್ಷ ಬೇರೆ ಯಾರದೋ ದುಡ್ಡಿನಂತೆ ಕಾಣುತ್ತದೆ. ಅಣ್ಣನನ್ನು ಲೆಕ್ಕದಿಂದ ತೆಗೆದು, ಷೇರೆಲ್ಲ ತಮ್ಮನದೇ ಎಂದು ಇಟ್ಟುಕೊಂಡರೂ ಡಿವಿಡೆಂಡ್ ದಾರಿಯಲ್ಲಿ ಅವನ ಕೈಗೆ ಬರುವುದು 19,73,270. ಸಂಬಳಕ್ಕೆ ಹೋಲಿಸಿದರೆ ಐದೂವರೆ ಲಕ್ಷ ಕಡಿಮೆ.

ಮೂರನೆಯ ದಾರಿ: ಕಂಪನಿಯಲ್ಲೇ ಬಿಡುವುದು

ಸಂಬಳ ಮತ್ತು ಡಿವಿಡೆಂಡ್ ನಡುವೆ ಪಂದ್ಯವೇ ಇಲ್ಲ ಎಂದಾದ ಮೇಲೆ, ನಿಜವಾಗಿ ತೂಗಬೇಕಾದದ್ದು ಸಂಬಳವಾಗಿ ತೆಗೆಯುವುದನ್ನೂ ಕಂಪನಿಯಲ್ಲೇ ಬಿಡುವುದನ್ನೂ. ಇಲ್ಲಿ ಲೆಕ್ಕ ಅಷ್ಟು ಏಕಪಕ್ಷೀಯವಲ್ಲ.

ಬೇರೆ ಆದಾಯವಿಲ್ಲದವನಿಗೆ 12.75 ಲಕ್ಷದವರೆಗಿನ ಸಂಬಳಕ್ಕೆ ತೆರಿಗೆಯೇ ಇಲ್ಲ. ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು 12 ಲಕ್ಷಕ್ಕೆ ನಿಂತರೆ ಸೆಕ್ಷನ್ 87ಎ ರಿಬೇಟ್ 60,000 ರೂಪಾಯಿಯ ತೆರಿಗೆಯನ್ನು ಪೂರ್ತಿ ಅಳಿಸುತ್ತದೆ. ಅಷ್ಟು ಸಂಬಳ ತೆಗೆದುಕೊಳ್ಳದೆ ಕಂಪನಿಯಲ್ಲಿ ಬಿಟ್ಟರೆ ಅದರ ಮೇಲೆ ಸುಮ್ಮನೆ ಶೇ 25.168, ಅಂದರೆ 3.20 ಲಕ್ಷಕ್ಕೂ ಹೆಚ್ಚು ತೆರಿಗೆ. ಕಂಪನಿಗೆ ಲಾಭವಿದ್ದು, ನಿರ್ದೇಶಕ ಪೂರ್ಣಾವಧಿ ದುಡಿಯುತ್ತಿದ್ದರೆ ಈ ಮೊದಲ 12.75 ಲಕ್ಷದ ಬಗ್ಗೆ ಎರಡು ಮಾತಿಲ್ಲ.

ಅದರ ಪಕ್ಕದಲ್ಲೇ ಒಂದು ಹಳ್ಳ ಇದೆ. ತೆರಿಗೆಯೋಗ್ಯ ಆದಾಯ 12 ಲಕ್ಷ ದಾಟಿದ ಕೂಡಲೇ ರಿಬೇಟ್ ಹೋಗುತ್ತದೆ. ಮಾರ್ಜಿನಲ್ ರಿಲೀಫ್ ಇರುವುದರಿಂದ ಸೆಸ್‌ಗೆ ಮುಂಚಿನ ತೆರಿಗೆ, ದಾಟಿದ ಮೊತ್ತಕ್ಕಿಂತ ಹೆಚ್ಚಾಗುವುದಿಲ್ಲ. ಹೆಚ್ಚಾಗದು, ಆದರೆ ಅಷ್ಟೇ ಆಗುತ್ತದೆ. ಆದ್ದರಿಂದ ಸಂಬಳವನ್ನು 12.75 ಲಕ್ಷದಿಂದ ಸುಮಾರು 13.45 ಲಕ್ಷಕ್ಕೆ ಏರಿಸಿದರೆ ಏರಿಸಿದ್ದೆಲ್ಲವೂ ತೆರಿಗೆಗೆ ಹೋಗುತ್ತದೆ. "ತಿಂಗಳಿಗೆ 1.10 ಲಕ್ಷ ಇಡೋಣ, ದುಂಡಗಿದೆ" ಎಂದು ವರ್ಷಕ್ಕೆ 13.20 ಲಕ್ಷ ಇಟ್ಟವರು ಹೆಚ್ಚಿನ 45,000ವನ್ನು ಹಾಗೇ ಖಜಾನೆಗೆ ಕೊಟ್ಟು, ಅದರ ಮೇಲೆ ಸೆಸ್ಸನ್ನೂ ಕಟ್ಟುತ್ತಾರೆ. ಒಂದೋ 1,06,250ರಲ್ಲಿ ನಿಲ್ಲಬೇಕು, ಇಲ್ಲವೇ ಹಳ್ಳ ಹಾರಿ ಸಾಕಷ್ಟು ಆಚೆಗೆ ಹೋಗಬೇಕು.

ಆಚೆಗೆ ಹೋದರೆ ಎಲ್ಲಿಯವರೆಗೆ? 12.75 ಲಕ್ಷದಿಂದ 20.75 ಲಕ್ಷದವರೆಗಿನ ಎಂಟು ಲಕ್ಷವನ್ನು ಸಂಬಳವಾಗಿ ತೆಗೆದರೆ ತಮ್ಮನ ತೆರಿಗೆ 2,08,000. ಅದೇ ಎಂಟು ಲಕ್ಷ ಕಂಪನಿಯಲ್ಲಿ ಉಳಿದರೆ ಕಂಪನಿಯ ತೆರಿಗೆ 2,01,344. ಹೆಚ್ಚುಕಡಿಮೆ ಸಮ. ಮನೆಗೆ ಬೇಕಿದ್ದರೆ ಸಂಬಳ, ಯಂತ್ರಕ್ಕೆ ಬೇಕಿದ್ದರೆ ಕಂಪನಿಯಲ್ಲಿ. ತೆರಿಗೆ ಇದರಲ್ಲಿ ತಲೆ ಹಾಕುವುದಿಲ್ಲ. ಅದರ ಮೇಲಿನ ಸ್ಲ್ಯಾಬಿನಲ್ಲಿ ಸೆಸ್ ಸೇರಿ ಶೇ 26, ತೆರಿಗೆಯೋಗ್ಯ ಆದಾಯ 24 ಲಕ್ಷ ದಾಟಿದ ಮೇಲೆ ಶೇ 31.2. ಅಲ್ಲಿ ಕಂಪನಿಯ ಶೇ 25.168 ಅಗ್ಗ. ಆದರೆ ಹಾಗೆ ಬಿಟ್ಟ ಹಣವನ್ನು ಮುಂದಿನ ವರ್ಷವೇ ಡಿವಿಡೆಂಡ್ ಆಗಿ ತೆಗೆಯುವುದಾದರೆ ಉಳಿಸಿದ ಆರು ರೂಪಾಯಿಗೆ ಇಪ್ಪತ್ತಮೂರು ತೆತ್ತಂತೆ. ಬಿಟ್ಟ ಹಣ ಯಂತ್ರ, ಕಚ್ಚಾ ಮಾಲು, ಸಾಲ ತೀರಿಕೆ ಇಂಥವಕ್ಕೆ ಕಂಪನಿಯಲ್ಲೇ ದುಡಿಯುತ್ತಿದ್ದರೆ ಮಾತ್ರ ಈ ಉಳಿತಾಯ ನಿಜ.

ಏನೂ ಮಾಡದೆ ಬಿಟ್ಟರೆ

ಬಹಳ ಕಂಪನಿಗಳಲ್ಲಿ ಆಯ್ಕೆಯಾಗುವುದು ಸಂಬಳವೂ ಅಲ್ಲ, ಡಿವಿಡೆಂಡೂ ಅಲ್ಲ. ಲೆಡ್ಜರ್ ಹಾಗೇ ಉಳಿಯುತ್ತದೆ, ಬ್ಯಾಲೆನ್ಸ್ ಶೀಟಿನಲ್ಲಿ 'ಸಾಲ ಮತ್ತು ಮುಂಗಡ' ಎಂದು ಕೂರುತ್ತದೆ. ಎಲ್ಲಕ್ಕಿಂತ ದುಬಾರಿ ಇದೇ.

ಶೇ 10 ಅಥವಾ ಹೆಚ್ಚು ಮತಾಧಿಕಾರ ಇರುವ ಷೇರುದಾರನಿಗೆ ಇಂಥ ಕಂಪನಿ ಕೊಟ್ಟ ಸಾಲ ಅಥವಾ ಮುಂಗಡವನ್ನು, ಕಂಪನಿಯ ಸಂಚಿತ ಲಾಭದ ಮಟ್ಟಿಗೆ, ಸೆಕ್ಷನ್ 2(22)(ಇ) ಡಿವಿಡೆಂಡ್ ಎಂದೇ ಭಾವಿಸುತ್ತದೆ. ಸಂಚಿತ ಲಾಭದಲ್ಲಿ ಹಣ ಕೊಟ್ಟ ದಿನದವರೆಗಿನ ಈ ವರ್ಷದ ಲಾಭವೂ ಸೇರುವುದರಿಂದ 14 ಲಕ್ಷದ ಮೇಲೆ ಇನ್ನೂ ಸೇರಿ, ತಮ್ಮ ತೆಗೆದ ಮೊತ್ತವನ್ನು ಅದು ಪೂರ್ತಿ ನುಂಗುತ್ತದೆ. ಮಾರ್ಚ್‌ದೂ ಸೇರಿ ವರ್ಷದಲ್ಲಿ 18 ಲಕ್ಷ ಹೀಗೆ ಹೋಯಿತು ಎನ್ನಿ. ಅದು ಖರ್ಚಲ್ಲವಾದ್ದರಿಂದ ಕಂಪನಿ ಪೂರ್ತಿ 30 ಲಕ್ಷದ ಮೇಲೆ 7,55,040 ಕಟ್ಟಬೇಕು. ತಮ್ಮ 18 ಲಕ್ಷದ ಮೇಲೆ, ಸ್ಟ್ಯಾಂಡರ್ಡ್ ಡಿಡಕ್ಷನ್ ಇಲ್ಲದೆ, 1,66,400. ಒಟ್ಟು 9,21,440. ಅದೇ 18 ಲಕ್ಷ ಸಂಬಳವಾಗಿದ್ದರೆ ಕಂಪನಿಯದೂ ಅವನದೂ ಸೇರಿ 4,52,816. ಇದರ ಮೇಲೆ ಶೇ 10 ಟಿಡಿಎಸ್ ಕಡಿಯದ್ದಕ್ಕೆ ಕಂಪನಿಗೆ ಬಡ್ಡಿ ಬೇರೆ. ತಮಾಷೆಯೆಂದರೆ ಇಷ್ಟು ತೆರಿಗೆ ಕಟ್ಟಿದ ಮೇಲೂ ಪುಸ್ತಕದಲ್ಲಿ ಅದು ಸಾಲವೇ: ತಮ್ಮ ಆ 18 ಲಕ್ಷವನ್ನು ಕಂಪನಿಗೆ ವಾಪಸು ಕೊಡಬೇಕು.

"ಮಾರ್ಚ್ 30ಕ್ಕೆ ಹೊರಗಿನಿಂದ ಕೈಸಾಲ ತಂದು ಲೆಡ್ಜರ್ ಸೊನ್ನೆ ಮಾಡಿ, ಏಪ್ರಿಲ್ 2ಕ್ಕೆ ಮತ್ತೆ ತೆಗೆದರಾಯಿತು" ಎಂಬ ಉಪಾಯ ಚಲಾವಣೆಯಲ್ಲಿದೆ. ಕೆಲಸ ಮಾಡುವುದಿಲ್ಲ. ಹಣ ಕೊಟ್ಟ ಕ್ಷಣಕ್ಕೇ ಅದು ಡಿವಿಡೆಂಡ್ ಆಗುತ್ತದೆ, ವರ್ಷ ಮುಗಿಯುವುದರೊಳಗೆ ತೀರಿಸಿದ್ದು ಅದನ್ನು ಅಳಿಸದು ಎಂದು ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ. ಬ್ಯಾಲೆನ್ಸ್ ಶೀಟಿನಲ್ಲಿ ಸೊನ್ನೆ ಕಂಡರೂ ಲೆಡ್ಜರಿನ ಪ್ರತಿ ಡೆಬಿಟ್ ಸಾಲೂ ಸಾಕ್ಷಿ.

ಕಂಪನಿ ಕಾಯ್ದೆಯ ಬಾಗಿಲು ಇನ್ನೊಂದು. ನಿರ್ದೇಶಕನಿಗೆ ಸಾಲ ಕೊಡುವುದನ್ನು ಸೆಕ್ಷನ್ 185 ತಡೆಯುತ್ತದೆ. ಪ್ರೈವೇಟ್ ಕಂಪನಿಗಳಿಗೆ 2015ರಲ್ಲಿ ಕೊಟ್ಟ ವಿನಾಯಿತಿಗೆ ಷರತ್ತುಗಳಿವೆ. ಅವುಗಳಲ್ಲೊಂದು, ಕಂಪನಿಯ ಬ್ಯಾಂಕ್ ಸಾಲ ಷೇರು ಬಂಡವಾಳದ ಎರಡು ಪಟ್ಟಿಗಿಂತ ಕಡಿಮೆ ಇರಬೇಕು. ಇಲ್ಲಿ ಬಂಡವಾಳ 10 ಲಕ್ಷ, ಬ್ಯಾಂಕ್ ಸಾಲ 35 ಲಕ್ಷ. ವಿನಾಯಿತಿ ಸಿಗದು. ಉಲ್ಲಂಘನೆಗೆ ಕಂಪನಿಯ ಮೇಲಿನ ದಂಡ 5 ಲಕ್ಷದಿಂದಲೇ ಶುರು.

ಮಾರ್ಚ್‌ನಲ್ಲಿ ಮಾಡಿದ್ದು

ಆಯ್ಕೆ ಸಂಬಳ ಎಂದಾಯಿತು. ಆದರೆ ಕಳೆದ ಹನ್ನೊಂದು ತಿಂಗಳಲ್ಲಿ ತೆಗೆದ ಹಣವನ್ನು ಈಗ ಸಂಬಳ ಎನ್ನುವುದು ಹೇಗೆ? ಹಿಂದಿನ ಏಪ್ರಿಲ್ ದಿನಾಂಕ ಹಾಕಿದ ನಿರ್ಣಯ ತಯಾರಿಸುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ, ಮತ್ತು ಅತಿ ಕೆಟ್ಟ ದಾರಿ. ಅಣ್ಣ ಆ ದಿನ ಪುಣೆಯ ಆಫೀಸಿನಲ್ಲಿದ್ದ ಎಂಬುದನ್ನು ಹಾಜರಿ ಪುಸ್ತಕ ಹೇಳುತ್ತದೆ, ಪ್ರತಿ ತಿಂಗಳ ಟಿಡಿಎಸ್ ಇಲ್ಲದಿರುವುದು ಹೇಳುತ್ತದೆ, ಟ್ಯಾಲಿಯಲ್ಲಿ ಯಾವ ಎಂಟ್ರಿಯನ್ನು ಯಾವಾಗ ತಿದ್ದಲಾಯಿತು ಎಂಬುದನ್ನು 2023ರ ಏಪ್ರಿಲ್‌ನಿಂದ ಕಂಪನಿಗಳಿಗೆ ಕಡ್ಡಾಯವಾಗಿರುವ ಎಡಿಟ್ ಲಾಗ್ ಹೇಳುತ್ತದೆ.

ಮಾರ್ಚ್ ಎರಡನೇ ವಾರದಲ್ಲಿ, ಅಂದಿನ ದಿನಾಂಕದಲ್ಲೇ ಬೋರ್ಡ್ ಸಭೆ ನಡೆಸಿ ನಿರ್ಣಯ ಮಾಡಬೇಕು. ತಮ್ಮ ತನ್ನ ಹಿತಾಸಕ್ತಿಯನ್ನು ಮೊದಲು ತಿಳಿಸಬೇಕು. ನಿರ್ಣಯದಲ್ಲಿ ಮೂರು ವಿಷಯ ಸ್ಪಷ್ಟವಿರಬೇಕು. ಒಂದು, 2025-26ರಲ್ಲಿ ಆತ ಪೂರ್ಣಾವಧಿ ಮಾಡಿದ ಕೆಲಸ: ಉತ್ಪಾದನೆ, ಗಿರಾಕಿ, ಖರೀದಿ. ಎರಡು, ಅದಕ್ಕೆ ತಿಂಗಳಿಗೆ 1.5 ಲಕ್ಷದಂತೆ 18 ಲಕ್ಷ ಸಂಬಳ. ಮೂರು, ಈಗಾಗಲೇ ಪಡೆದ 16.5 ಲಕ್ಷವನ್ನು ಆ ಸಂಬಳದ ಮುಂಗಡವಾಗಿ ಹೊಂದಿಸಿಕೊಳ್ಳುವುದು. ಇದು ಪೂರ್ತಿ ಕವಚವಲ್ಲ. ನಡುವೆ ಸಾಲದಂತೆ ನಿಂತಿತ್ತು ಎಂದು ಅಧಿಕಾರಿ ವಾದಿಸಬಹುದು. ಆದರೆ ತಿಂಗಳು ತಿಂಗಳೂ ಒಂದೇ ಅಳತೆಯಲ್ಲಿ ಹೋದ ಹಣ, ನಿಜವಾದ ಕೆಲಸ, ವರ್ಷ ಮುಗಿಯುವ ಮೊದಲೇ ತೆರಿಗೆ ಕಡಿದದ್ದು, ಈ ಮೂರೂ ಕೈಯಲ್ಲಿದ್ದರೆ ಉತ್ತರ ಗಟ್ಟಿಯಾಗಿರುತ್ತದೆ. ಇದೇ ನಿರ್ಣಯವನ್ನು ಏಪ್ರಿಲ್ 5ಕ್ಕೆ ಮಾಡಿದರೆ ಆ ಗಟ್ಟಿತನ ಇಲ್ಲ.

ಟಿಡಿಎಸ್ ಬಂದಾಗ ಒಂದು ಸಣ್ಣ ಪೇಚು. 18 ಲಕ್ಷ ಸಂಬಳದ ಮೇಲೆ ತೆರಿಗೆ 1,50,800. ವರ್ಷದ ಕೊರತೆಯನ್ನು ಅದೇ ವರ್ಷದ ಕೊನೆಯ ತಿಂಗಳಲ್ಲಿ ಸರಿದೂಗಿಸಲು ಸೆಕ್ಷನ್ 192(3) ಬಿಡುತ್ತದೆ, ಆದ್ದರಿಂದ ಪೂರ್ತಿ ಮೊತ್ತವನ್ನು ಮಾರ್ಚ್ ಸಂಬಳದಲ್ಲಿ ಕಡಿಯಬಹುದು. ಇದರ ಜೊತೆ ಕರ್ನಾಟಕದ ವೃತ್ತಿ ತೆರಿಗೆ: ತಿಂಗಳಿಗೆ 200, ಫೆಬ್ರವರಿಗೆ 300, ವರ್ಷಕ್ಕೆ 2,500. ಒಟ್ಟು ಕಡಿತ 1,53,300. ಕೊಡಬೇಕಾಗಿ ಉಳಿದಿರುವ ಮಾರ್ಚ್ ಸಂಬಳ 1,50,000. ಅಂದರೆ ಮಾರ್ಚ್‌ನಲ್ಲಿ ತಮ್ಮನಿಗೆ ಒಂದು ರೂಪಾಯಿಯೂ ಬರುವುದಿಲ್ಲ, ಅವನೇ 3,300 ರೂಪಾಯಿಯನ್ನು ಕಂಪನಿ ಖಾತೆಗೆ ಕಟ್ಟಬೇಕು. ವರ್ಷವಿಡೀ ತಿಂಗಳಿಗೆ 12,567 ಕಡಿದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಮಾರ್ಚ್‌ನ ಟಿಡಿಎಸ್ ಅನ್ನು ಏಪ್ರಿಲ್ 30ರೊಳಗೆ ತುಂಬಬೇಕು, ಸಂಬಳದ ವಿವರ 24ಕ್ಯೂ ನಮೂನೆಯಲ್ಲಿ ಹೋಗಬೇಕು.

ಲೆಡ್ಜರಿನ ಹೆಸರನ್ನೂ ಅಂದೇ ಸರಿಪಡಿಸಬೇಕು. 'ಡೈರೆಕ್ಟರ್ ಫೀಸ್' ಅಥವಾ 'ಕನ್ಸಲ್ಟೆನ್ಸಿ' ಎಂದು ಬರೆದು ಅದಕ್ಕೆ 194ಜೆ ಅಡಿ ಟಿಡಿಎಸ್ ಕಡಿದರೆ, ಅದು ನೌಕರನ ಸಂಬಳವಲ್ಲ ಎಂದು ಕಂಪನಿಯೇ ಒಪ್ಪಿಕೊಂಡಂತೆ. ಆಗ ರಿವರ್ಸ್ ಚಾರ್ಜ್‌ನಲ್ಲಿ ಶೇ 18 ಜಿಎಸ್‌ಟಿ ಕಂಪನಿಯ ಮೇಲೆ ಬೀಳುತ್ತದೆ. 2020ರ ಜೂನ್ 10ರ ಜಿಎಸ್‌ಟಿ ಸುತ್ತೋಲೆ ಗೆರೆ ಎಳೆದಿರುವುದು ಇಲ್ಲೇ: ಪುಸ್ತಕದಲ್ಲಿ ಸಂಬಳ, 192ರಲ್ಲಿ ಟಿಡಿಎಸ್ ಇದ್ದರೆ ಜಿಎಸ್‌ಟಿ ಇಲ್ಲ.

ಹದಿನೆಂಟೇ ಏಕೆ, ಮೂವತ್ತು ಏಕಲ್ಲ

ತೆರಿಗೆಯ ಕೋಷ್ಟಕ ಒಂದನ್ನೇ ನೋಡಿದವರು ಕೇಳುವ ಪ್ರಶ್ನೆ ಇದು. ಪ್ರೈವೇಟ್ ಕಂಪನಿಗೆ ನಿರ್ದೇಶಕರ ಸಂಬಳದ ಮೇಲೆ ಕಂಪನಿ ಕಾಯ್ದೆಯ ಸೆಕ್ಷನ್ 197ರ ಮಿತಿ ಅನ್ವಯವಾಗುವುದಿಲ್ಲ, ನಿಜ. ತಡೆ ಇರುವುದು ಆದಾಯ ತೆರಿಗೆ ಕಾಯ್ದೆಯಲ್ಲಿ. ನಿರ್ದೇಶಕನಿಗೆ ಕೊಟ್ಟದ್ದು ಮಾರುಕಟ್ಟೆ ದರಕ್ಕಿಂತ ಅತಿಯಾಗಿದೆ ಎನ್ನಿಸಿದರೆ ಅಧಿಕಾರಿ ಸೆಕ್ಷನ್ 40ಎ(2) ಅಡಿ ಹೆಚ್ಚಿನ ಭಾಗವನ್ನು ಖರ್ಚೆಂದು ಒಪ್ಪದಿರಬಹುದು. ಆಗ ಕಂಪನಿಗೂ ತೆರಿಗೆ, ತಮ್ಮನಿಗೂ ತೆರಿಗೆ. ಡಿವಿಡೆಂಡ್‌ಗೆ ಬಂದ ಗತಿಯೇ ಇದಕ್ಕೂ. ಸಂಬಳ ಹೆಚ್ಚಾದಷ್ಟೂ ಬೇರೆ ಕಾರ್ಖಾನೆಯವರು ಇದೇ ಕೆಲಸಕ್ಕೆ ಮ್ಯಾನೇಜರ್‌ಗೆ ಏನು ಕೊಡುತ್ತಾರೆ ಎಂಬ ಪುರಾವೆ ಕಡತದಲ್ಲಿ ಇರಬೇಕಾಗುತ್ತದೆ.

ಇನ್ನೊಂದು ಬಲೆ ಬೋನಸ್. ವರ್ಷದ ಕೊನೆಗೆ ಲಾಭ ಎಷ್ಟೆಂದು ತಿಳಿದ ಮೇಲೆ ಅಷ್ಟನ್ನೂ 'ಬೋನಸ್' ಅಥವಾ 'ಕಮಿಷನ್' ಎಂದು ಷೇರುದಾರ-ನಿರ್ದೇಶಕರಿಗೆ ಹಂಚಿ ಲಾಭವನ್ನು ಸೊನ್ನೆ ಮಾಡುವುದು. ಡಿವಿಡೆಂಡ್ ಆಗಿ ಹೋಗಬೇಕಾಗಿದ್ದ ಹಣವನ್ನು ಬೋನಸ್ ಎಂದು ಕೊಟ್ಟರೆ ಸೆಕ್ಷನ್ 36(1)(ii) ಅದನ್ನು ಖರ್ಚೆಂದು ಒಪ್ಪುವುದಿಲ್ಲ. ಮುಂಬೈನ ಒಂದು ಷೇರು ದಲ್ಲಾಳಿ ಕಂಪನಿ ಮೂವರು ನಿರ್ದೇಶಕರಿಗೆ ತಲಾ 40 ಲಕ್ಷ ಕಮಿಷನ್ ಕೊಟ್ಟಿದ್ದನ್ನು ಆದಾಯ ತೆರಿಗೆ ನ್ಯಾಯಮಂಡಳಿಯ ವಿಶೇಷ ಪೀಠ 2011ರಲ್ಲಿ ಹೀಗೇ ತಳ್ಳಿಹಾಕಿತು. ಮಾಡಿದ ಸೇವೆಗೆ ಒಪ್ಪಂದದಂತೆ ಕೊಟ್ಟ ಕಮಿಷನ್ ಎಂಬ ಕಾರಣಕ್ಕೆ ಕಂಪನಿಯ ಪರ ಬಂದ ತೀರ್ಪುಗಳೂ ಇವೆ, ಆದರೆ ಆ ಜಗಳಕ್ಕೆ ಇಳಿಯುವ ಶಕ್ತಿ ಹದಿನಾಲ್ಕು ಕೆಲಸಗಾರರ ಕಂಪನಿಗೆ ಬೇಡ. ಅನುಮಾನಕ್ಕೆ ಮೊದಲು ಕಾರಣವಾಗುವ ಗುರುತು ಒಂದೇ: ಹಂಚಿಕೆ ಷೇರಿನ ಅನುಪಾತದಲ್ಲೇ ಇರುವುದು. ಇಲ್ಲಿ ತಮ್ಮನಿಗೆ ನಿಗದಿತ ಮಾಸಿಕ ಸಂಬಳ, ಅಣ್ಣನಿಗೆ ಏನೂ ಇಲ್ಲ. ಆ ಗುರುತು ಇಲ್ಲಿಲ್ಲ.

ಅಣ್ಣನ ಪಾಲು

"ನನ್ನ ರೊಕ್ಕಕ್ಕ ಏನೂ ಇಲ್ಲೇನೋ ತಮ್ಮಾ?" ಈ ಪ್ರಶ್ನೆ ನ್ಯಾಯವಾದದ್ದೇ. ಅಣ್ಣನಿಗೆ ಸಂಬಳ ತೋರಿಸುವಂತಿಲ್ಲ. ಕೆಲಸ ಮಾಡದವನ ಸಂಬಳ ಮೊದಲ ನೋಟಿಸಿಗೇ ಬೀಳುತ್ತದೆ. ಡಿವಿಡೆಂಡ್‌ಗೆ ಸರಿಯಾದ ಜಾಗ ಇದು: ಕೆಲಸಕ್ಕಲ್ಲದೆ ಬಂಡವಾಳಕ್ಕೆ ಸಲ್ಲುವ ಪ್ರತಿಫಲ.

18 ಲಕ್ಷ ಸಂಬಳ ಕಳೆದು ಕಂಪನಿಗೆ 12 ಲಕ್ಷ ಲಾಭ, ತೆರಿಗೆ 3,02,016, ಉಳಿದದ್ದು 8,97,984. ಇದರಲ್ಲಿ ಷೇರಿಗೆ 2 ರೂಪಾಯಿಯಂತೆ 2 ಲಕ್ಷ ಮಧ್ಯಂತರ ಡಿವಿಡೆಂಡ್. ಅಣ್ಣನಿಗೆ 60,000, ತಮ್ಮನಿಗೆ 1.4 ಲಕ್ಷ. ಅಣ್ಣನ ತೆರಿಗೆ 18,720, ತಮ್ಮನದು 29,120. ಅಣ್ಣನಿಗೆ 60,000 ಮುಟ್ಟಿಸಲು ತಮ್ಮನೂ 1.4 ಲಕ್ಷ ತೆಗೆಯಲೇಬೇಕಾದದ್ದು ಈ ದಾರಿಯ ಬೆಲೆ.

ಮಧ್ಯಂತರ ಡಿವಿಡೆಂಡನ್ನು ಬೋರ್ಡೇ ಘೋಷಿಸಬಹುದು. ಅಂತಿಮ ಡಿವಿಡೆಂಡ್ ಆದರೆ ಬೋರ್ಡ್ ಶಿಫಾರಸು ಮಾಡಿ, ಸೆಪ್ಟೆಂಬರ್ ಒಳಗಿನ ವಾರ್ಷಿಕ ಸಾಮಾನ್ಯ ಸಭೆ ಘೋಷಿಸಬೇಕು. ತೆರಿಗೆಯೂ ಘೋಷಿಸಿದ ವರ್ಷಕ್ಕೇ ಹೋಗುತ್ತದೆ. ಎಡವುವುದು ಹೆಚ್ಚಾಗಿ ಬ್ಯಾಂಕಿನ ಹಂತದಲ್ಲಿ. ಘೋಷಿಸಿದ ಐದು ದಿನದೊಳಗೆ ಮೊತ್ತ ಪ್ರತ್ಯೇಕ ಬ್ಯಾಂಕ್ ಖಾತೆಗೆ ಹೋಗಬೇಕು, ಮೂವತ್ತು ದಿನದೊಳಗೆ ಷೇರುದಾರರಿಗೆ ಮುಟ್ಟಬೇಕು. ಹೊಸ ಖಾತೆ ತೆರೆಯಲು ಬ್ಯಾಂಕ್ ಎರಡು ವಾರ ತೆಗೆದುಕೊಂಡರೆ ಐದು ದಿನ ಎಂದೋ ಕಳೆದಿರುತ್ತದೆ. ಖಾತೆ ಮೊದಲು, ಘೋಷಣೆ ಆಮೇಲೆ.

ವರ್ಷಕ್ಕೆ 10,000 ದಾಟಿದ ಡಿವಿಡೆಂಡ್ ಮೇಲೆ ಶೇ 10 ಟಿಡಿಎಸ್: ಅಣ್ಣನದು 6,000, ತಮ್ಮನದು 14,000. ಇದು 24ಕ್ಯೂನಲ್ಲಿ ಅಲ್ಲ, 26ಕ್ಯೂನಲ್ಲಿ ಹೋಗುತ್ತದೆ. ಟಿಡಿಎಸ್ ಹೋಯಿತು, ತೆರಿಗೆ ಮುಗಿಯಿತು ಎಂದು ತಮ್ಮ ಸುಮ್ಮನಿರುವಂತಿಲ್ಲ. ಅವನ ತೆರಿಗೆಯಲ್ಲಿ ಇನ್ನೂ 15,120 ಬಾಕಿ; 10,000 ಮೀರಿದ್ದರಿಂದ ಮುಂಗಡ ತೆರಿಗೆಯಾಗಿ ಕಟ್ಟಬೇಕು. ಡಿವಿಡೆಂಡ್ ಮಾರ್ಚ್ 15ರ ನಂತರ ಬಂದರೂ ಮಾರ್ಚ್ 31ರೊಳಗೆ ಕಟ್ಟಿಬಿಟ್ಟರೆ ಕಂತು ತಪ್ಪಿದ ಬಡ್ಡಿ ಇರುವುದಿಲ್ಲ. ರಿಟರ್ನ್ ತುಂಬುವಾಗ ಇಬ್ಬರೂ ಐಟಿಆರ್-1 ಮುಟ್ಟಬಾರದು. ಯಾವುದೇ ಕಂಪನಿಯ ನಿರ್ದೇಶಕನಾದವನಿಗೆ ಅದು ಇಲ್ಲ; ಇವರಿಗೆ ಐಟಿಆರ್-2. ಅಣ್ಣ ಇಷ್ಟು ವರ್ಷ ಆಫೀಸಿನ ಫಾರಂ-16 ಇಟ್ಟುಕೊಂಡು ಐಟಿಆರ್-1 ತುಂಬುತ್ತಾ ಬಂದಿದ್ದರೆ ಆಶ್ಚರ್ಯವಿಲ್ಲ.

ಕೊನೆಯ ಲೆಕ್ಕ ಹೀಗಿದೆ: ತಮ್ಮನ ಕೈಗೆ ಸಂಬಳ ಮತ್ತು ಡಿವಿಡೆಂಡ್ ಸೇರಿ 17,60,080 (ಇದರಲ್ಲಿ ವೃತ್ತಿ ತೆರಿಗೆ 2,500 ಹೋಗಬೇಕು), ಅಣ್ಣನಿಗೆ 41,280, ಕಂಪನಿಯಲ್ಲಿ 6,97,984, ಸರ್ಕಾರಕ್ಕೆ ಮೂವರಿಂದ ಒಟ್ಟು 5,00,656.

ಏಪ್ರಿಲ್‌ನಿಂದ ಬದಲಾಗಬೇಕಾದದ್ದು ಸ್ವಲ್ಪವೇ. ವರ್ಷದ ಮೊದಲ ಬೋರ್ಡ್ ಸಭೆಯಲ್ಲಿ ಸಂಬಳದ ನಿರ್ಣಯ, ತಿಂಗಳ ಕೊನೆಗೆ ಟಿಡಿಎಸ್ ಕಡಿದು ಪಾವತಿ, 'ಕರೆಂಟ್ ಅಕೌಂಟ್' ಲೆಡ್ಜರಿಗೆ ಬೀಗ. ಸಂಬಳದಲ್ಲಿ ತಿಂಗಳಿಗೆ 1 ಲಕ್ಷ ಮೂಲ ವೇತನ ಇಟ್ಟು, ಅದರ ಶೇ 14ನ್ನು ಕಂಪನಿ ತಮ್ಮನ ಎನ್‌ಪಿಎಸ್ ಖಾತೆಗೆ ಕಟ್ಟಿದರೆ ವರ್ಷಕ್ಕೆ 1,68,000 ಕಂಪನಿಗೆ ಖರ್ಚು, ಹೊಸ ಪದ್ಧತಿಯಲ್ಲೂ ತಮ್ಮನಿಗೆ ತೆರಿಗೆಯಿಲ್ಲ. ಡಿವಿಡೆಂಡ್‌ನಲ್ಲಿ ಇಂಥ ದಾರಿಯೇ ಇಲ್ಲ. ಸಂಬಳ ನಿಗದಿ ಮಾಡಿ ಹಣವಿಲ್ಲವೆಂದು ಕೊಡದೆ ಉಳಿಸಿದರೂ ತಮ್ಮನಿಗೆ ಅದು ಆ ವರ್ಷದ ಆದಾಯವೇ, ಆದ್ದರಿಂದ ಗಿರಾಕಿಗಳ ಬಾಕಿ ಬರುವ ವೇಗ ನೋಡಿ ಮೊತ್ತ ಇಡಬೇಕು. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಾಗುವುದರಿಂದ ಇಲ್ಲಿ ಹೇಳಿದ 1961ರ ಕಾಯ್ದೆಯ ಸೆಕ್ಷನ್ ಸಂಖ್ಯೆಗಳು ಮುಂದಿನ ನಿರ್ಣಯಕ್ಕೆ ಹೊಂದುವುದಿಲ್ಲ. ಹಳೆಯ ನಿರ್ಣಯವನ್ನು ನಕಲು ಮಾಡುವಾಗ ಅವುಗಳನ್ನು ಬದಲಿಸಿಕೊಳ್ಳಬೇಕು.